ಬಟನ್ ಒತ್ತುವ ಮೊದಲು ಸೂಜಿ ನೋಡಿ

ಮೇಲ್ಮೈ ಎಷ್ಟು ಒರಟು ಅಂತ ಸೂಜಿ ಓಡಿಸಿ ಅಳೆಯುವ ನಮ್ಮ ರಫ್‌ನೆಸ್ ಟೆಸ್ಟರ್ ಜೊತೆ, ಅದನ್ನು ಪರೀಕ್ಷಿಸಲು ಬಂದ ಮಾಸ್ಟರ್ ಪೀಸ್ ಮೇಲೆ ಒರಟುತನದ ಅಳತೆ Ra 2.97 ಮೈಕ್ರಾನ್ ಅಂತ ಬರೆದಿದೆ. ಒಂದು ಬೆಳಿಗ್ಗೆ ಮೂರು ಸಲ ಅಳೆದರೂ 2.80ರ ಆಸುಪಾಸೇ ಬಂತು. ಕ್ಯಾಲಿಬ್ರೇಶನ್ ಬಟನ್ ಒತ್ತಿದರೆ ಮೆಷಿನ್ ತಾನೇ 2.97ಕ್ಕೆ ಸರಿ ಮಾಡಿಕೊಳ್ಳುತ್ತದೆ. ನಾನು ಒತ್ತಲಿಲ್ಲ. ಹಿಂದಿನ ದಿನ 2.96 ತೋರಿಸಿದ ಟೆಸ್ಟರ್ ರಾತ್ರೋರಾತ್ರಿ ಅಷ್ಟು ಬದಲಾಗುವುದಿಲ್ಲ, ಅಲ್ವಾ?

ಪೀಸನ್ನು ಆಲ್ಕೋಹಾಲ್ ಹಾಕಿದ ಮೆತ್ತಗಿನ ಬಟ್ಟೆಯಿಂದ ಒರೆಸಿದೆ. ಸೂಜಿ ಪೀಸಿನ ಗೆರೆಗಳಿಗೆ ಅಡ್ಡವಾಗಿ ಓಡುವ ಹಾಗೆ, ಟೆಸ್ಟರ್ ಮತ್ತು ಪೀಸ್ ಸಮಮಟ್ಟದಲ್ಲಿ ಇರುವ ಹಾಗೆ ಇಟ್ಟೆ. ಒರಟುತನವನ್ನು ದೊಡ್ಡ ಅಲೆಗಳಿಂದ ಬೇರ್ಪಡಿಸುವ ಕಟ್-ಆಫ್ ಉದ್ದ ಕೂಡ ಸರ್ಟಿಫಿಕೇಟ್‌ನಲ್ಲಿ ಇದ್ದದ್ದೇ. ಜಾಗ ಬದಲಿಸಿ ಅಳೆದೆ, 2.81. ಹಾಗಾದರೆ ಪೀಸಿನದ್ದು ತಪ್ಪಲ್ಲ.

ಭೂತಗನ್ನಡಿಯಲ್ಲಿ ಸೂಜಿ ನೋಡಿದಾಗ ಮೊನೆಗೆ ಎಣ್ಣೆ ಜಿಡ್ಡಿನ ಜೊತೆ ಸಣ್ಣ ಪುಡಿ ಅಂಟಿತ್ತು. ಮೊನೆಯ ದುಂಡು ಬರೀ ಎರಡರಿಂದ ಐದು ಮೈಕ್ರಾನ್ ತ್ರಿಜ್ಯದ್ದು. ಅದಕ್ಕೆ ಪುಡಿ ಅಂಟಿದರೆ ಮೊನೆ ದಪ್ಪಗಾಗಿ ಗೆರೆಯ ತಳ ಮುಟ್ಟುವುದಿಲ್ಲ, ಓದು ಕಡಿಮೆ ಬರುತ್ತದೆ. ಮೆತ್ತಗಿನ ಬ್ರಷ್‌ನಿಂದ ಹಗುರವಾಗಿ ತೆಗೆದು ಅಳೆದೆ: 2.96.

ಮೊದಲೇ ಬಟನ್ ಒತ್ತಿದ್ದರೆ? ಟೆಸ್ಟರ್ ಎಲ್ಲ ಓದನ್ನೂ ಶೇಕಡಾ ಆರರಷ್ಟು ಹಿಗ್ಗಿಸಿಕೊಳ್ಳುತ್ತಿತ್ತು. ಆಮೇಲೆ ಪುಡಿ ತಾನಾಗಿ ಉದುರಿದರೆ, ನಿಜವಾಗಿ Ra 1.55 ಇರುವ ಜಾಬ್ 1.64 ತೋರಿಸುತ್ತದೆ. ಡ್ರಾಯಿಂಗ್‌ನಲ್ಲಿ ಗರಿಷ್ಠ 1.6 ಇದ್ದರೆ ಒಳ್ಳೆ ಜಾಬ್ ರಿಜೆಕ್ಟ್. ಸವೆದು ಮೊನೆ ದಪ್ಪಗಾದ ಸೂಜಿಯೂ ನಮಗೆ ಮೋಸ ಮಾಡುತ್ತದೆ. ದಪ್ಪ ಗೆರೆಯ ಮೇಲೆ ಹೊಂದಿಸಿದರೆ ಅಲ್ಲಿ ಸರಿ ಕಾಣುತ್ತದೆ, ನಯವಾದ ಮೇಲ್ಮೈಯಲ್ಲಿ ಕಡಿಮೆ ತೋರಿಸುತ್ತದೆ. ಕೆಲವು ಪೀಸ್‌ಗಳಲ್ಲಿ ಇದನ್ನು ಪತ್ತೆ ಮಾಡಲೆಂದೇ 0.4ರ ಆಸುಪಾಸಿನ ನಯವಾದ ಪಟ್ಟಿಯೂ ಇರುತ್ತದೆ.

ಈಗ Ra, Rz ವಿಷಯ. ಮಧ್ಯದ ಗೆರೆಯಿಂದ ಮೇಲ್ಮೈ ಎಷ್ಟು ಏರಿದೆ, ಎಷ್ಟು ಇಳಿದಿದೆ ಅನ್ನುವುದನ್ನು ಪ್ಲಸ್-ಮೈನಸ್ ನೋಡದೆ ಕೂಡಿಸಿ ಸರಾಸರಿ ತೆಗೆದರೆ Ra. Rzಗೆ ಅಳತೆಯ ಉದ್ದವನ್ನು ಸಾಮಾನ್ಯವಾಗಿ ಐದು ತುಂಡು ಮಾಡುತ್ತೇವೆ. ಪ್ರತಿ ತುಂಡಿನಲ್ಲಿ ಅತಿ ಎತ್ತರದ ತುದಿಯಿಂದ ಅತಿ ಆಳದ ತಳದವರೆಗಿನ ಅಂತರ ತೆಗೆದು, ಐದರ ಸರಾಸರಿ ಮಾಡುತ್ತೇವೆ. (ಹಳೇ ಡ್ರಾಯಿಂಗ್‌ಗಳಲ್ಲಿ ಹತ್ತು ಬಿಂದುವಿನ Rz ಇರಬಹುದು, ಯಾವುದು ಅಂತ ಕೇಳಿಕೊಳ್ಳಿ.)

ಎರಡರ ವ್ಯತ್ಯಾಸ ಒಂದೇ ಗೀರಿನಲ್ಲಿ ಗೊತ್ತಾಗುತ್ತದೆ. ನಾಲ್ಕು ಮಿಲಿಮೀಟರ್ ಅಳತೆಯಲ್ಲಿ ಮಧ್ಯದ ಗೆರೆಯಿಂದ ಹತ್ತು ಮೈಕ್ರಾನ್ ಆಳ, ಇಪ್ಪತ್ತು ಮೈಕ್ರಾನ್ ಅಗಲದ V ಆಕಾರದ ಗೀರು ಬಿದ್ದರೆ Ra ಸುಮಾರು 0.025 ಅಷ್ಟೇ ಏರುತ್ತದೆ. ಪ್ರತಿ ತುಂಡಿನಲ್ಲೂ ಐದು ಮೈಕ್ರಾನ್ ಇದ್ದ ಅಂತರ ಆ ಒಂದು ತುಂಡಿನಲ್ಲಿ ಹನ್ನೆರಡೂವರೆ ಆದರೆ Rz ಐದರಿಂದ ಆರೂವರೆಗೆ ಜಿಗಿಯುತ್ತದೆ. ಅದಕ್ಕೇ ಸೀಲ್ ಕೂರುವ ಜಾಗಕ್ಕೆ ನಾನು Ra ಒಂದನ್ನೇ ನೋಡಿ ಪಾಸ್ ಮಾಡುವುದಿಲ್ಲ. ಮಾಸ್ಟರ್ ಪೀಸ್ ಮೇಲೂ ಎರಡನ್ನೂ ಬರೆದಿಡುತ್ತೇನೆ. Ra ಹಾಗೇ ಇದ್ದು Rz ಮಾತ್ರ ಏರಿದರೆ ಪೀಸಿನಲ್ಲಿ ಗೀರು ಬಿದ್ದಿರಬಹುದು ಅಂತ ಅನುಮಾನಿಸಿ ಬೇರೆ ಜಾಗದಲ್ಲಿ ಅಳೆಯುತ್ತೇನೆ.