ಇರು–ಇಡು ಹಿಡಿದು ಲೈ–ಲೇ ತಿದ್ದಿದ್ದು: ನನ್ನ ಅನುಭವ

ಕೃಷಿ, ತೋಟಗಾರಿಕೆ ಓದುವ ಹುಡುಗರ ಇಂಗ್ಲಿಷ್ ಥೀಸಿಸ್ ತಿದ್ದುವುದು ನನ್ನ ಕೆಲಸ. ಹನ್ನೆರಡು ವರ್ಷವಾಗಿರಬೇಕು. ಈ ಕೆಲಸದಲ್ಲಿರುವ ನಿಮಗೆಲ್ಲ ಗೊತ್ತು, ಸ್ಪೆಲಿಂಗ್ ತಪ್ಪನ್ನು ಕಂಪ್ಯೂಟರೇ ಹಿಡಿದುಕೊಡುತ್ತದೆ. ಲೈ ಇರಬೇಕಾದ ಕಡೆ ಲೇ, ರೋಸ್ ಇರಬೇಕಾದ ಕಡೆ ರೇಸ್ಡ್ ಬಂದರೆ ಅದು ಸುಮ್ಮನಿರುತ್ತದೆ, ಯಾಕೆಂದರೆ ಎರಡೂ ನಿಘಂಟಿನಲ್ಲಿರುವ ಪದಗಳೇ. ಹಾಗಾಗಿ ಇವನ್ನು ಕಣ್ಣಿನಲ್ಲೇ ಹಿಡಿಯಬೇಕು, ಮತ್ತು ನೂರು ಪುಟ ದಾಟಿದ ಮೇಲೆ ಕಣ್ಣು ನಂಬಿಕೆಗೆ ಅರ್ಹವಲ್ಲ.

ಮೊದಲು ನಾನೂ ಎಲ್ಲರಂತೆ ಗೋಡೆಗೆ ಚಾರ್ಟ್ ಅಂಟಿಸಿಕೊಂಡಿದ್ದೆ. ಲೈ, ಲೇ, ಲೇನ್ ಒಂದು ಸಾಲು; ಲೇ, ಲೇಡ್, ಲೇಡ್ ಇನ್ನೊಂದು ಸಾಲು. ಎರಡೂ ಸಾಲಿನಲ್ಲಿ ಲೇ ಕೂತಿರುವಾಗ ಚಾರ್ಟ್ ನೋಡಿದಷ್ಟೂ ಗೊಂದಲ ಹೆಚ್ಚಾಗುತ್ತಿತ್ತು. ‘ಕರ್ಮಪದ ಬೇಡುವ ಕ್ರಿಯಾಪದ ಯಾವುದು’ ಎಂಬ ವ್ಯಾಕರಣದ ಪ್ರಶ್ನೆಯೂ ಬೆಳಗ್ಗೆ ಹತ್ತು ಗಂಟೆಗೆ ಕೆಲಸ ಮಾಡುತ್ತದೆ, ರಾತ್ರಿ ಹನ್ನೊಂದಕ್ಕೆ ಮಾಡುವುದಿಲ್ಲ. ಥೀಸಿಸ್ ನಮ್ಮ ಕೈಗೆ ಬರುವುದೇ ಒಪ್ಪಿಸುವ ಹಿಂದಿನ ರಾತ್ರಿ.

ದುಡ್ಡು ಹೋಗಿದ್ದು 2017ರ ಸುಮಾರಿಗೆ. ಮೆಣಸಿನಕಾಯಿ ಸಸಿಗಳ ಮೇಲಿನ ಒಂದು ಥೀಸಿಸ್. ಹುಡುಗ ಇಳುವರಿ ಏರಿತು, ಎತ್ತರ ಏರಿತು ಅನ್ನುವ ಕಡೆಯಲ್ಲೆಲ್ಲ ರೇಸ್ಡ್ ಎಂದೇ ಬರೆದಿದ್ದ. ಹತ್ತಾರು ಕಡೆ ತಿದ್ದಿ ಬೇಸತ್ತು, ರೇಸ್ಡ್ ಇರುವಲ್ಲೆಲ್ಲ ರೋಸ್ ಹಾಕು ಎಂದು ಒಂದೇ ಸಲಕ್ಕೆ ಬದಲಾಯಿಸಿಬಿಟ್ಟೆ. ಸಸಿ ಎಬ್ಬಿಸಿದ್ದು ಏರುಮಡಿಯಲ್ಲಿ, ಇಂಗ್ಲಿಷಿನಲ್ಲಿ ಅದು ರೇಸ್ಡ್ ಬೆಡ್. ಥೀಸಿಸ್ ಪೂರ್ತಿ ಅದು ರೋಸ್ ಬೆಡ್ ಆಗಿ ಕೂತಿತು, ಅಂದರೆ ಗುಲಾಬಿ ಮಡಿ. ಮೆಣಸಿನಕಾಯಿ ಸಸಿಯನ್ನು ಗುಲಾಬಿ ಮಡಿಯಲ್ಲಿ ಯಾಕೆ ಬೆಳೆಸಿದೆ ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರಂತೆ. ಐದು ಪ್ರತಿ ಮತ್ತೆ ಪ್ರಿಂಟ್, ಬಣ್ಣದ ಪುಟ, ರೆಕ್ಸಿನ್ ಬೈಂಡಿಂಗ್ ಎಲ್ಲ ಸೇರಿ ಏಳು ಸಾವಿರದ ಹತ್ತಿರ ನನ್ನ ಜೇಬಿನಿಂದ ಹೋಯಿತು. ಆಗ ಪುಟಕ್ಕೆ ಇಪ್ಪತ್ತು ರೂಪಾಯಿಯಂತೆ ಆ ಥೀಸಿಸ್‌ನಿಂದ ನನಗೆ ಬಂದದ್ದು ಮೂರೂವರೆ ಸಾವಿರ.

ಅದಾದ ಮೇಲೆ ಕೂತು ಯೋಚಿಸಿದೆ. ಬೆಲೆ ಏರಿತು, ಬೆಲೆ ಏರಿಸಿದರು. ಇವೆರಡನ್ನು ಕನ್ನಡದ ಯಾವ ಮಗುವೂ ಅದಲುಬದಲು ಮಾಡುವುದಿಲ್ಲ. ಏರು ಎಂದರೆ ರೈಸ್, ಏರಿಸು ಎಂದರೆ ರೇಸ್. ಮರ ಬಿತ್ತು ಎಂದರೆ ಫೆಲ್, ಮರ ಬೀಳಿಸಿದರು ಎಂದರೆ ಫೆಲ್ಡ್. ಕೂರು ಎಂದರೆ ಸಿಟ್, ಕೂರಿಸು ಎಂದರೆ ಸೆಟ್. ನಮ್ಮ ‘ಇಸು’ ಬಂತೋ, ಇಂಗ್ಲಿಷಿನ ಎರಡನೇ ಪದ ಹಾಕು. ಇದನ್ನು ಪರಿಚಯದ ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಹೇಳಿದೆ. ‘ಕನ್ನಡ ಇಟ್ಕೊಂಡು ಇಂಗ್ಲಿಷ್ ತಿದ್ತೀಯೇನಯ್ಯಾ? ನಲವತ್ತು ವರ್ಷ ಹುಡುಗರಿಗೆ ಕನ್ನಡದಲ್ಲಿ ಯೋಚಿಸಬೇಡಿ ಅಂತ ಹೇಳಿಕೊಂಡು ಬಂದೋನು ನಾನು’ ಅಂದರು. ‘ಸರ್, ಆರು ತಿಂಗಳು ಮಾಡಿ ನೋಡ್ತೀನಿ’ ಅಂದೆ.

ಮೊದಲ ತಿಂಗಳಲ್ಲೇ ಲೇ ಹತ್ತಿರ ಎಡವಿದೆ. ಲೈ ಎಂದರೆ ಮಲಗು, ಲೇ ಎಂದರೆ ಮಲಗಿಸು ಎಂದುಕೊಂಡಿದ್ದೆ. ಆದರೆ ಪೈಪನ್ನು ಯಾರೂ ಮಲಗಿಸುವುದಿಲ್ಲ. ಮಣ್ಣಿನ ರಸಸಾರ ಆರಕ್ಕೂ ಏಳಕ್ಕೂ ನಡುವೆ ಮಲಗುವುದೂ ಇಲ್ಲ. ಹತ್ತರಲ್ಲಿ ಏಳು ವಾಕ್ಯಕ್ಕೆ ಪರೀಕ್ಷೆ ಕೈಕೊಟ್ಟಿತು. ಮೇಷ್ಟ್ರು ಹೇಳಿದ್ದೇ ಸರಿಯೇನೋ ಅನ್ನಿಸಿತ್ತು.

ದಾರಿ ಸಿಕ್ಕಿದ್ದು ಕೋಳಿಯಿಂದ. ಕೋಳಿ ಸಾಕಣೆಯ ಮೇಲಿನ ಒಂದು ಥೀಸಿಸ್ ಬಂದಿತ್ತು, ಅದರಲ್ಲಿ ಕೋಳಿಗಳು ಮೊಟ್ಟೆ ‘ಲೈಡ್’ ಎಂದಿತ್ತು. ಹಾಗೆಂದರೆ ಸುಳ್ಳು ಹೇಳಿದವು ಎಂದಾಗುತ್ತದೆ. ಅದನ್ನು ಲೇಡ್ ಮಾಡುವಾಗ ಹೊಳೆಯಿತು: ಊರಲ್ಲಿ ಎಲ್ಲರೂ ಲೇಯರ್ ಕೋಳಿ ಅನ್ನುತ್ತಾರೆ, ಮೊಟ್ಟೆ ಇಡುವ ಕೋಳಿ. ಲೇ ಎಂದರೆ ಮಲಗಿಸು ಅಲ್ಲ, ಇಡು. ಹಾಗಾದರೆ ಲೈ? ಇರು. ಮೇಜಿನ ಮೇಲೆ ಪುಸ್ತಕ ಇದೆ, ಲೈಸ್. ಮೇಜಿನ ಮೇಲೆ ಪುಸ್ತಕ ಇಡುತ್ತಾನೆ, ಲೇಸ್. ಇಂಗ್ಲಿಷಿನ ಆ ಎರಡು ಪದಗಳು ಎಷ್ಟು ಹತ್ತಿರವೋ ನಮ್ಮ ಇರು, ಇಡು ಅಷ್ಟೇ ಹತ್ತಿರ, ಒಂದಕ್ಷರದ ವ್ಯತ್ಯಾಸ. ಆದರೂ ನಾವು ಒಮ್ಮೆಯೂ ತಪ್ಪುವುದಿಲ್ಲ. ಆ ರಾತ್ರಿ ಹಳೆಯ ಮೂರು ಥೀಸಿಸ್ ತೆಗೆದು ಎಲ್ಲ ವಾಕ್ಯಕ್ಕೂ ಹಚ್ಚಿ ನೋಡಿದೆ. ನಾಲ್ಕೈದು ಬಿಟ್ಟರೆ ಎಲ್ಲ ಸರಿ ಬಂದವು.

ನಿಜವಾದ ಮುಳ್ಳು ಭೂತಕಾಲದಲ್ಲಿದೆ. ಲೈ ಪದದ ಭೂತರೂಪವೇ ಲೇ. ಹುಡುಗರು ಭೂತಕಾಲ ಎಂದ ಕೂಡಲೇ ಲೇಡ್ ಹಾಕುತ್ತಾರೆ, ಏಕೆಂದರೆ ಅದರ ಕೊನೆಯಲ್ಲಿ ಡಕಾರ ಕೇಳಿಸುತ್ತದೆ. ಇಲ್ಲೂ ಕನ್ನಡವನ್ನೇ ಕೇಳಬೇಕು: ಇತ್ತೋ, ಇಟ್ಟರೋ? ಇತ್ತು ಎಂದರೆ ಲೇ, ಇಟ್ಟರು ಎಂದರೆ ಲೇಡ್. ಬರೀ ಈ ಎರಡು ಪದ ಚೀಟಿಯಲ್ಲಿ ಬರೆದು ಮಾನಿಟರಿನ ಕೆಳಗೆ ಅಂಟಿಸಿದ್ದೇನೆ. ಗೋಡೆಯ ಚಾರ್ಟ್ ಹರಿದು ಹಾಕಿದೆ.

ಹೋದ ವರ್ಷದ ಒಂದು ಥೀಸಿಸ್‌ನ ಎರಡನೇ ಅಧ್ಯಾಯವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಒಂದೇ ಪುಟದಲ್ಲಿ ನಾಲ್ಕು ವಾಕ್ಯ ಸಿಕ್ಕವು. ಪ್ರಯೋಗ ‘ವಾಸ್ ಲೇ ಔಟ್’ ಎಂದಿತ್ತು. ಪ್ರಯೋಗವನ್ನು ಯಾರೋ ಹೊಲದಲ್ಲಿ ಅಳೆದು ಇಟ್ಟಿದ್ದಾರೆ, ಆದ್ದರಿಂದ ವಾಸ್ ಲೇಡ್ ಔಟ್. (ನಿವೇಶನದ ಲೇಔಟ್ ಕೂಡ ಇದೇ ಪದ, ಹುಡುಗರಿಗೆ ಇದನ್ನು ಹೇಳಿದರೆ ಮತ್ತೆ ಮರೆಯುವುದಿಲ್ಲ.) ಮುಂದಿನದು, ಹಿಂದಿನ ಎರಡು ವರ್ಷ ಆ ಜಾಗ ‘ಲೇಡ್ ಫ್ಯಾಲೋ’. ಜಾಗ ಬೀಳು ಬಿದ್ದಿತ್ತು, ಸುಮ್ಮನೆ ಇತ್ತು, ಆದ್ದರಿಂದ ಲೇ ಫ್ಯಾಲೋ. ಮೂರನೆಯದು, ರಸಸಾರದ ಅಂಕಿಗಳು ಆರು ಮತ್ತು ಏಳರ ನಡುವೆ ‘ಲೇಡ್’. ಇದ್ದವು, ಆದ್ದರಿಂದ ಲೇ. ನಾಲ್ಕನೆಯದು, ಮಳೆಯ ನಂತರ ಅಂತರ್ಜಲ ‘ರೇಸ್ಡ್’. ಏರಿತು, ಯಾರೂ ಏರಿಸಲಿಲ್ಲ, ಆದ್ದರಿಂದ ರೋಸ್. ನಾಲ್ಕಕ್ಕೂ ಸೇರಿ ಒಂದು ನಿಮಿಷ ಹಿಡಿಯಲಿಲ್ಲ.

ಎರಡನೆಯದನ್ನು ನೋಡಿದ ಗೈಡ್ ‘ಲೇ ಫ್ಯಾಲೋ ತಪ್ಪು, ಲೇಡ್ ಮಾಡು’ ಎಂದು ಕೆಂಪು ಇಂಕಿನಲ್ಲಿ ಬರೆದು ಕಳಿಸಿದರು. ಇದು ಆಗಾಗ ಆಗುತ್ತದೆ. ನಾನು ಜಗಳಕ್ಕೆ ಹೋಗುವುದಿಲ್ಲ, ವಾಕ್ಯವನ್ನೇ ಬದಲಿಸುತ್ತೇನೆ: ವಾಸ್ ಲೆಫ್ಟ್ ಫ್ಯಾಲೋ, ಬೀಳು ಬಿಡಲಾಗಿತ್ತು. ಲೇನ್ ಬರುವ ಕಡೆಯೂ ಹಾಗೇ ಮಾಡುತ್ತೇನೆ. ಸರಿಯಾದ ರೂಪವಾದರೂ ಓದುವವರು ಅಲ್ಲಿ ನಿಂತುಬಿಡುತ್ತಾರೆ.

ಹುಡುಕುವುದಕ್ಕೆ ಲಿಬ್ರೆಆಫೀಸ್ ರೈಟರಿನ ಹುಡುಕು ಪೆಟ್ಟಿಗೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಗುರುತು ಹಾಕಿ ಇದನ್ನು ಕೊಡುತ್ತೇನೆ:

```
\b(lie|lies|lied|lying|lay|lays|laid|laying|lain)\b
```

ಎರಡು ಕಡೆಯ `\b` ಮರೆಯಬೇಡಿ, ಇಲ್ಲದಿದ್ದರೆ ಪ್ಲೇ, ಡಿಲೇ, ಅಪ್ಲೈಡ್ ಎಲ್ಲ ಬಂದು ಗುಡ್ಡೆ ಬೀಳುತ್ತವೆ. ರೈಸ್–ರೇಸ್‌ಗೂ ಇಂಥದೇ ಇನ್ನೊಂದು ಸಾಲು ಇದೆ, ಅದರಲ್ಲಿ `arised` ಕೂಡ ಸೇರಿಸಿಕೊಳ್ಳಿ. ಅಂಥ ಪದವೇ ಇಲ್ಲ, ಸರಿಯಾದದ್ದು ಅರೋಸ್, ಆದರೆ ಥೀಸಿಸ್‌ಗಳಲ್ಲಿ ನನಗೆ ಸಿಗುತ್ತಲೇ ಇರುತ್ತದೆ. ಪ್ರಶ್ನೆ ಎದ್ದಿತು ಎಂದರೆ ಅರೋಸ್, ಪ್ರಶ್ನೆ ಎತ್ತಿದರು ಎಂದರೆ ರೇಸ್ಡ್. ನೂರೆಂಬತ್ತು ಪುಟಕ್ಕೆ ಎರಡೂ ಸಾಲಿನಿಂದ ಐವತ್ತರ ಆಸುಪಾಸು ಸಿಗುತ್ತವೆ. ಒಂದೊಂದಾಗಿಯೇ ನೋಡುತ್ತೇನೆ. ಎಲ್ಲವನ್ನೂ ಬದಲಿಸು ಎಂಬ ಗುಂಡಿಯನ್ನು ಆ ಏಳು ಸಾವಿರದ ನಂತರ ಮುಟ್ಟಿಲ್ಲ. ಮೂರನೇ ಸಾಲೂ ಒಂದಿದೆ, ಬೇರೆ ಹದಿನಾಲ್ಕು ಜೋಡಿಗಳದ್ದು. ಅದು ನನ್ನ ಅನ್ನದ ದಾರಿ, ಕೇಳಬೇಡಿ.

ಕನ್ನಡ ಕೈಕೊಡುವ ಜಾಗಗಳೂ ಇವೆ. ರೈತ ರಾಗಿ ಬೆಳೆದ, ರಾಗಿ ಬೆಳೆಯಿತು. ನಮ್ಮ ‘ಬೆಳೆ’ ಎರಡೂ ಕಡೆ ಒಂದೇ. ಅದನ್ನು ನಂಬಿ ಒಬ್ಬಳು ರಾಗಿ ‘ರೋಸ್’ ಎಂದು ಬರೆದಿದ್ದಳು. ಅಲ್ಲಿ ಬೆಳೆ ತೆಗೆದುಬಿಟ್ಟು ಬೆಳೆಸು ಹಾಕಿ ಕೇಳಿಕೊಳ್ಳಬೇಕು, ಆಗ ರೇಸ್ಡ್ ಬರುತ್ತದೆ. ಏರುಮಡಿಯೂ ಹಾಗೇ. ಪದದಲ್ಲಿ ಏರು ಇದ್ದರೂ ಮಣ್ಣನ್ನು ಯಾರೋ ಏರಿಸಿದ್ದಾರೆ. ಅಫೆಕ್ಟ್–ಎಫೆಕ್ಟ್ ಜೋಡಿಗೂ ಇದನ್ನು ಹಚ್ಚಲು ಒಂದು ವಾರ ಒದ್ದಾಡಿದೆ, ಆಗಲಿಲ್ಲ. ಅವೆರಡರ ನಡುವೆ ‘ಇಸು’ ಸಂಬಂಧವೇ ಇಲ್ಲ, ನೋಡುವುದಕ್ಕೆ ಒಂದೇ ಥರ ಅಷ್ಟೆ.

ಮತ್ತೆ ಲೈ–ಲೇ, ಸಿಟ್–ಸೆಟ್, ಫಾಲ್–ಫೆಲ್ ಜೋಡಿಗಳಲ್ಲಿ ಮಾತ್ರ ಇದು ಯಾಕೆ ನಡೆಯುತ್ತದೆ ಎಂದು ನಿಘಂಟುಗಳಲ್ಲಿ ಪದಮೂಲ ಹುಡುಕಿದೆ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ನಮ್ಮ ‘ಇಸು’ ಥರದ್ದೇ ಒಂದು ಪ್ರತ್ಯಯ ಇತ್ತು, ಯಕಾರದ ಧ್ವನಿಯದು. ಅದು ಹಿಂದಿನ ಸ್ವರವನ್ನು ತಿರುಚಿ, ಆಮೇಲೆ ತಾನೇ ಉದುರಿಹೋಯಿತು. ಉಳಿದದ್ದು ಸ್ವರದ ವ್ಯತ್ಯಾಸ ಮಾತ್ರ, ಅದಕ್ಕೇ ಈಗಿನವರಿಗೆ ಗೊಂದಲ. ಕುಡಿ–ಕುಡಿಸು ಥರ ಡ್ರಿಂಕ್–ಡ್ರೆಂಚ್ ಕೂಡ ಜೋಡಿಯಂತೆ. ರೇಸ್ ಮಾತ್ರ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಇಂಗ್ಲಿಷಿನ ಸ್ವಂತ ರೂಪ ರೇರ್ ಎಂಬುದು, ರೇಷ್ಮೆ ಬೆಳೆಯುವವರು ಹುಳು ಸಾಕುವ ಮನೆಗೆ ರೇರಿಂಗ್ ಮನೆ ಅನ್ನುತ್ತಾರಲ್ಲ, ಅದೇ. ಇದನ್ನು ಓದಿದ ದಿನ ಮೇಷ್ಟ್ರ ಮನೆಗೆ ಹೋದೆ. ನಿಘಂಟು ಅವರೇ ತೆಗೆಸಿದರು, ಎರಡೆರಡು ಸಲ ಓದಿದರು. ‘ಹಂಗಾದ್ರೆ ಇಸು ಅವರಲ್ಲೂ ಇತ್ತು ಅನ್ನು’ ಅಂದರು. ಹೋದ ತಿಂಗಳು ಅವರ ತಂಗಿಯ ಮಗಳ ಥೀಸಿಸ್ ನನ್ನ ಹತ್ತಿರವೇ ಬಂತು. ಕಾಫಿ ತೋಟದ ನೆರಳಿನ ಮರಗಳ ಬಗ್ಗೆ. ಒಂದು ಕೋಷ್ಟಕದ ಕೆಳಗೆ ಹನ್ನೆರಡು ಸಿಲ್ವರ್ ಓಕ್ ‘ಫೆಲ್’ ಎಂದಿತ್ತು. ‘ಬಿದ್ದವಾ, ಬೀಳಿಸಿದ್ರಾ?’ ಎಂದು ಫೋನ್ ಮಾಡಿ ಕೇಳಿದೆ. ‘ಗಾಳಿಗೆ ಬಿದ್ದಿದ್ದು ನಾಲ್ಕೇ ಅಣ್ಣಾ, ಉಳಿದ ಎಂಟು ಕಡಿಸಿದ್ದು’ ಅಂದಳು. ಆ ಸಾಲನ್ನು ಎರಡು ಮಾಡಿಸಿದೆ, ಜೊತೆಗೆ ಕೋಷ್ಟಕದ ಅಂಕಿಯನ್ನೂ.