ಟೇಬಲ್ ಇಲ್ಲದ ಲ್ಯಾಟಿನ್ ವರ್ಕ್‌ಶೀಟ್: ನನ್ನ ಅನುಭವ

ನಾಮಪದದ ಕೊನೆ ವಿಭಕ್ತಿಗೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಡಿಕ್ಲೆನ್ಶನ್ ಟೇಬಲ್ ಮೊದಲು ಬಾಯಿಗೆ ಬರಬೇಕು, ವಾಕ್ಯ ಏನಿದ್ದರೂ ಆಮೇಲೆ ಎಂದು ನನಗೆ ಬುದ್ಧಿ ಹೇಳದ ಲ್ಯಾಟಿನ್ ಟ್ಯೂಟರ್ ಇಲ್ಲ. ಹಾಗೆ ಹೇಳಿದವರಲ್ಲಿ ಇಬ್ಬರು ಈಗ ನನ್ನ ಶೀಟ್‌ಗಳನ್ನೇ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲಿ ಕೂತು ಇಂಗ್ಲೆಂಡಿನ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುವವನು. ಹೆಚ್ಚಿನವರು ಅಲ್ಲಿನ ಶಾಲಾ ಪರೀಕ್ಷೆಯಾದ ಜಿಸಿಎಸ್‌ಇಗೆ ಲ್ಯಾಟಿನ್ ತೆಗೆದುಕೊಂಡವರು, ಸುಮಾರು ಅರ್ಧದಷ್ಟು ಕನ್ನಡದ ಮನೆಯ ಮಕ್ಕಳು.

ಮೊದಮೊದಲು ನಾನೂ ರೆಡಿಮೇಡ್ ಶೀಟ್ ಕೊಂಡೇ ಪಾಠ ಮಾಡುತ್ತಿದ್ದೆ. ಒಂದು ಪ್ಯಾಕ್‌ಗೆ ಇಪ್ಪತ್ತು ಪೌಂಡ್ ಹತ್ತಿರ ಬಿತ್ತು. ಪುಟಕ್ಕೆ ಇಪ್ಪತ್ತೈದು ವಾಕ್ಯ. ಮಕ್ಕಳು ಪಟಪಟನೆ ತುಂಬಿ ಪೂರ್ತಿ ಮಾರ್ಕ್ಸ್ ತೆಗೆಯುತ್ತಿದ್ದರು, ಶಾಲೆಯ ಟೆಸ್ಟ್‌ನಲ್ಲಿ ಮಾತ್ರ ಮಕಾಡೆ. ಒಂದು ದಿನ ಆ ಪ್ಯಾಕನ್ನು ಕೂತು ನೋಡಿದಾಗ ಕಾರಣ ಕಂಡಿತು. ಬಹುತೇಕ ಎಲ್ಲ ವಾಕ್ಯದಲ್ಲೂ ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ. ಪದದ ಕೊನೆಯನ್ನು ನೋಡುವ ಅಗತ್ಯವೇ ಇಲ್ಲ, ಜಾಗ ನೋಡಿ ಕೇಸ್, ಅಂದರೆ ವಿಭಕ್ತಿ, ಬರೆದರಾಯಿತು.

ನಾನು ಮಾಡಿದ್ದು ಇಷ್ಟು. ಪುಟಕ್ಕೆ ಎಂಟೇ ವಾಕ್ಯ, ವಾಕ್ಯಕ್ಕೆ ಮೂರೋ ನಾಲ್ಕೋ ಪದ. ನಾಮಿನೇಟಿವ್, ಅಂದರೆ ಕರ್ತೃವಿನ ರೂಪ, ಮೊದಲ ಜಾಗದಲ್ಲಿ ಎರಡು ಮೂರು ಸಲಕ್ಕಿಂತ ಹೆಚ್ಚು ಬರಬಾರದು. ಉತ್ತರಕ್ಕೆ ಒಂದು ಖಾನೆಯ ಬದಲು ಮೂರು: ಈ ಪದ ಏನೇನು ಆಗಬಹುದು, ಯಾವುದನ್ನು ಯಾಕೆ ಹೊಡೆದು ಹಾಕಿದೆ, ಉಳಿದದ್ದು ಯಾವುದು. ಶುರು ಮಾಡುವುದು ಕ್ರಿಯಾಪದದಿಂದ, ಅದು ಏಕವಚನವೋ ಬಹುವಚನವೋ ಎಂದು ಬರೆದ ಮೇಲೇ ಉಳಿದ ಪದಗಳಿಗೆ ಕೈ ಹಾಕಬೇಕು.

ನಾನು ಎಲ್ಲರಿಗೂ ಕೊಡುವ ಒಂದು ಜೋಡಿ ನೋಡಿ. 'ದೋನ ಪುಎಲ್ಲಮ್ ದೇಲೆಕ್ತನ್ತ್', ಉಡುಗೊರೆಗಳು ಹುಡುಗಿಯನ್ನು ಖುಷಿಪಡಿಸುತ್ತವೆ. 'ದೋನ ಪುಎಲ್ಲ ಪೊರ್ತತ್', ಹುಡುಗಿ ಉಡುಗೊರೆಗಳನ್ನು ಹೊತ್ತೊಯ್ಯುತ್ತಾಳೆ. ಎರಡರಲ್ಲೂ ಮೊದಲ ಪದ ಒಂದೇ. ಟೇಬಲ್ ಬಾಯಿಪಾಠ ಮಾಡಿದ ಮಗು 'ದೋನ' ನೋಡಿದ ತಕ್ಷಣ, 'ಪುಎಲ್ಲ' ಥರ ಕೊನೆಗೆ ಅಕಾರ ಇದೆ, ಫಸ್ಟ್ ಡಿಕ್ಲೆನ್ಶನ್, ನಾಮಿನೇಟಿವ್ ಏಕವಚನ ಎಂದು ಬರೆದುಬಿಡುತ್ತದೆ. ಮೂರು ಖಾನೆಯಲ್ಲಿ ಹಾಗೆ ಬಚಾವಾಗಲು ಆಗುವುದಿಲ್ಲ. ಅದು ನ್ಯೂಟರ್, ಅಂದರೆ ನಪುಂಸಕಲಿಂಗದ, ಬಹುವಚನ, ನಾಮಿನೇಟಿವ್ ಆಗಬಹುದು, ಕರ್ಮದ ರೂಪವಾದ ಅಕ್ಯುಸೇಟಿವ್ ಆಗಬಹುದು. ಮೊದಲ ವಾಕ್ಯದ ಕ್ರಿಯಾಪದ ಬಹುವಚನ, 'ಪುಎಲ್ಲಮ್' ಅಕ್ಯುಸೇಟಿವ್ ಬಿಟ್ಟು ಬೇರೇನೂ ಅಲ್ಲ, ಹಾಗಾಗಿ 'ದೋನ' ಕರ್ತೃ. ಎರಡನೆಯದರಲ್ಲಿ ಕ್ರಿಯಾಪದ ಏಕವಚನ, ಅಲ್ಲಿಗೆ 'ದೋನ' ಕರ್ತೃ ಆಗುವ ಮಾತೇ ಇಲ್ಲ. (ಗ್ರೀಕ್ ಕೂಡ ಕಲಿಯುತ್ತಿರುವ ಮಕ್ಕಳಿದ್ದರೆ ಹುಷಾರು. ಅಲ್ಲಿ ನ್ಯೂಟರ್ ಬಹುವಚನಕ್ಕೆ ಏಕವಚನದ ಕ್ರಿಯಾಪದ ಬರುತ್ತದೆ, ಅದನ್ನು ಇಲ್ಲಿಗೂ ಎಳೆದು ತರುತ್ತಾರೆ.)

ಈ ಶೀಟ್ ನೋಡಿ ಒಂದು ಟ್ಯೂಷನ್ ಸಂಸ್ಥೆಯವರು ವಾಪಸ್ ಕಳಿಸಿದರು. ಮಕ್ಕಳಿಗೆ ತಪ್ಪು ಆಯ್ಕೆಗಳನ್ನೂ ಬರೆಸಿದರೆ ತಲೆಯಲ್ಲಿ ತಪ್ಪೇ ಕೂರುತ್ತದೆ ಎಂಬುದು ಅವರ ವಾದ. ಪೋಷಕರ ತಕರಾರು ಬೇರೆ: 'ಪುಎಲ್ಲೈ ನೌತ ದೋನ ಪೊರ್ತತ್', ನಾವಿಕ ಉಡುಗೊರೆಗಳನ್ನು ಹೊತ್ತೊಯ್ಯುತ್ತಾನೆ, ಎಂಬ ವಾಕ್ಯದ 'ಪುಎಲ್ಲೈ'ಗೆ ಆನ್ಸರ್ ಕೀಯಲ್ಲಿ ಎರಡು ಉತ್ತರ ಯಾಕೆ? ಯಾಕೆಂದರೆ ಎರಡು ಇವೆ. 'ಪುಎಲ್ಲೈ' ನಾಮಿನೇಟಿವ್ ಬಹುವಚನ ಅಲ್ಲ ಎಂದು ಕ್ರಿಯಾಪದವೇ ಹೇಳುತ್ತದೆ. ಆದರೆ ಜೆನಿಟಿವ್ ಆಗಿ ಹುಡುಗಿಯ ಉಡುಗೊರೆಗಳೋ, ಡೇಟಿವ್ ಆಗಿ ಹುಡುಗಿಗೋಸ್ಕರವೋ, ಈ ನಾಲ್ಕು ಪದದಲ್ಲಿ ತೀರ್ಮಾನವಾಗುವುದಿಲ್ಲ. 'ಪೊರ್ತತ್' ತೆಗೆದು 'ದತ್' ಹಾಕಿ, ಕೊಡುವ ಮಾತು ಬಂತು, ತೆಗೆದುಕೊಳ್ಳುವವರು ಬೇಕು, ತಕ್ಕಡಿ ಡೇಟಿವ್ ಕಡೆಗೆ ವಾಲುತ್ತದೆ. ಈಗ ಈ ಎರಡನ್ನೂ ಒಂದರ ಕೆಳಗೆ ಒಂದು ಕೊಡುತ್ತೇನೆ, ತಕರಾರು ನಿಂತಿದೆ.

ದುಡ್ಡು ಹೆಚ್ಚು ಹೋದದ್ದು ದೀರ್ಘ ಸ್ವರದ ಮೇಲೆ ಹಾಕುವ ಗೆರೆಗಳಿಗೆ. 'ರೊಸ' ಎಂದರೆ ಗುಲಾಬಿ, ನಾಮಿನೇಟಿವ್, 'ರೊಸಾ' ಎಂದರೆ ಗುಲಾಬಿಯಿಂದ, ಅಬ್ಲೇಟಿವ್, ಆದರೆ ಮೇಲೆ ಗೆರೆ ಹಾಕದೆ ಅಚ್ಚು ಮಾಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಇಲ್ಲಿನ ಡಿಟಿಪಿಯವರೊಬ್ಬರಿಗೆ ಪುಟಕ್ಕೆ ಅರವತ್ತೋ ಎಪ್ಪತ್ತೋ ರೂಪಾಯಿ ಕೊಟ್ಟು ಟೈಪ್ ಮಾಡಿಸಿದೆ. ಅವರ ಫಾಂಟ್‌ನಲ್ಲಿ ಗೆರೆಯ ಅಕ್ಷರಗಳೆಲ್ಲ ಚೌಕದ ಡಬ್ಬಿಗಳಾದವು. ಮೂರು ನಾಲ್ಕು ಸಾವಿರ ನೀರಿಗೆ ಬಿತ್ತು. ಆ ಬೇಜಾರಲ್ಲಿ ಕನ್ನಡ ಓದಬಲ್ಲ ಒಬ್ಬ ಹುಡುಗನಿಗೆ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಟ್ಟೆ. ಅಲ್ಲಿಂದ ದಾರಿ ತೆರೆಯಿತು.

ನಮ್ಮ ಲಿಪಿಯಲ್ಲಿ ಎ, ಏ ಬೇರೆ, ಒ, ಓ ಬೇರೆ. ದೇವನಾಗರಿಯಲ್ಲಿ ಹಿಂದಿಯವರಿಗೆ ಈ ಅನುಕೂಲ ಇಲ್ಲ. 'ವೆನಿತ್' ಎಂದರೆ ಬರುತ್ತಾನೆ, 'ವೇನಿತ್' ಎಂದರೆ ಬಂದ. ಗೆರೆಯಿಲ್ಲದ ರೋಮನ್ ಲಿಪಿಯಲ್ಲಿ ಇವೆರಡನ್ನು ಬೇರೆ ಮಾಡಲಾಗದು. ಮಗು ಒಮ್ಮೆ ಕನ್ನಡದಲ್ಲಿ ಬರೆದು ಜೋರಾಗಿ ಓದಿದರೆ ಸಾಕು, ಟೆನ್ಸ್ ಕಿವಿಗೇ ಕೇಳುತ್ತದೆ. ಕನ್ನಡ ಬಾರದ ಮಕ್ಕಳಿಗೆ ಗೆರೆಯೇ ಗತಿ. ಅವರಿಗೆ ನಾನೇ ಕೂತು ಟೈಪ್ ಮಾಡುತ್ತೇನೆ.

ಟೆನ್ಸ್ ಶೀಟಿನಲ್ಲಿ ನಿಜವಾದ ಮಾರಿ ಅಂದರೆ 'ಎತ್' ಎಂಬ ಕೊನೆ. 'ಮೊನೆತ್' ಎಚ್ಚರಿಸುತ್ತಾನೆ, ಪ್ರೆಸೆಂಟ್. 'ರೆಗೆತ್' ಆಳುವನು, ಫ್ಯೂಚರ್. ಕೊನೆ ಒಂದೇ, ಕಾಲ ಬೇರೆ, ಏಕೆಂದರೆ ಕಾಂಜುಗೇಶನ್ ಎನ್ನುವ ಕ್ರಿಯಾಪದದ ಗುಂಪುಗಳಲ್ಲಿ ಮೊದಲನೆಯದು ಸೆಕೆಂಡ್, ಎರಡನೆಯದು ಥರ್ಡ್. ಆದ್ದರಿಂದ ನನ್ನ ಶೀಟಿನಲ್ಲಿ ಟೆನ್ಸ್ ಖಾನೆಗೆ ಮೊದಲು 'ಎಚ್ಚರಿಸಲು', 'ಆಳಲು' ಥರದ ಇನ್ಫಿನಿಟಿವ್ ರೂಪಕ್ಕೆ ಒಂದು ಖಾನೆ ಇದೆ. 'ಮೊನೇರೆ' ಎಂದು ನಡುವೆ ದೀರ್ಘ ಬಂದರೆ 'ಎತ್' ಪ್ರೆಸೆಂಟ್, 'ರೆಗೆರೆ' ಎಂದು ಹ್ರಸ್ವ ಬಂದರೆ ಫ್ಯೂಚರ್. ಇನ್ಫಿನಿಟಿವ್ ಖಾಲಿ ಬಿಟ್ಟು ಟೆನ್ಸ್ ಸರಿ ಬರೆದರೂ ನಾನು ಮಾರ್ಕ್ಸ್ ಕೊಡುವುದಿಲ್ಲ. ಎಂಟು ವಾಕ್ಯಗಳನ್ನು ಯಾವ ಕ್ರಮದಲ್ಲಿ ಇಡುತ್ತೇನೆ, ಮೂರನೆಯದು ಯಾಕೆ ಯಾವಾಗಲೂ ಸುಲಭದ್ದು ಎನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ, ಹೊಟ್ಟೆಪಾಡು.

ನಡುವೆ ಒಂದು ಕಿತಾಪತಿ ಮಾಡಿದ್ದೆ. 'ಪೊರ್ತಾಸ್ ಪೊರ್ತಾಸ್' ಎಂದಷ್ಟೇ ಬರೆದು ಕೊಟ್ಟೆ. ಒಂದು ಬಾಗಿಲುಗಳನ್ನು, ಇನ್ನೊಂದು ನೀನು ಹೊರುತ್ತೀಯ. ದೀರ್ಘವೂ ಇಲ್ಲಿ ಕೈಹಿಡಿಯುವುದಿಲ್ಲ. ಮಕ್ಕಳು ನಕ್ಕರು, ಆದರೆ 'ನೀನು' ಎಂಬ ಕರ್ತೃ ಕ್ರಿಯಾಪದದ ಒಳಗೇ ಇದೆ ಎಂದು ಮೊದಲು ಹಿಡಿದವರು ಮನೆಯಲ್ಲಿ ಕನ್ನಡ ಆಡುವವರೇ. 'ಬಂದೆ', 'ಬಂದಳು' ಎಂದು ದಿನಾ ಆಡುವವರಿಗೆ ಅದು ಹೊಸದಲ್ಲ. ಅದೇ ಹುಮ್ಮಸ್ಸಲ್ಲಿ ಅಕ್ಯುಸೇಟಿವ್‌ಗೂ ನಮ್ಮ 'ಅನ್ನು' ತೋರಿಸಲು ಹೋದೆ. ಅದು ಕೈಕೊಟ್ಟಿತು. 'ನೀರು ಕುಡಿದೆ', 'ಹೂ ತಂದಳು' ಎನ್ನುವಾಗ ನಾವು ಯಾರು ತಾನೇ 'ಅನ್ನು' ಹಾಕುತ್ತೇವೆ?

ಈಗ ಎಂಟು ಶೀಟ್‌ಗಳ ಸೆಟ್‌ಗೆ ಇನ್ನೂರೈವತ್ತು ರೂಪಾಯಿಯಂತೆ ಕೊಡುತ್ತೇನೆ, ಹಾಕಿದ ದುಡ್ಡು ಹೆಚ್ಚುಕಡಿಮೆ ವಾಪಸ್ ಬಂದಿದೆ. ಅಮೆರಿಕದ ಮಕ್ಕಳಿಗೆ ಬೇರೆ ಸೆಟ್ ಮಾಡಬೇಕಾಯಿತು. ಅಲ್ಲಿನ ಪಾಠದ ಕ್ರಮದಲ್ಲಿ ನಾಮಿನೇಟಿವ್ ಆದ ಮೇಲೆ ಜೆನಿಟಿವ್ ಬರುತ್ತದೆ, ಬ್ರಿಟಿಷ್ ಕ್ರಮದಲ್ಲಿ ಜೆನಿಟಿವ್‌ಗಿಂತ ಅಕ್ಯುಸೇಟಿವ್ ಮೊದಲು. ಖಾನೆ ಅದಲುಬದಲಾದರೆ ಮಕ್ಕಳು ಕಂಗಾಲು.

ಒಂದು ಕಡೆ ಮಾತ್ರ ಈ ವಿಧಾನ ಕೈ ಚೆಲ್ಲುತ್ತದೆ. 'ರೇಗೇಸ್ ಮೀಲಿತೇಸ್ ಲೌದನ್ತ್': ರಾಜರು, ಸೈನಿಕರು, ಹೊಗಳುತ್ತಾರೆ. ಥರ್ಡ್ ಡಿಕ್ಲೆನ್ಶನ್ ಬಹುವಚನದಲ್ಲಿ ನಾಮಿನೇಟಿವ್ ಅಕ್ಯುಸೇಟಿವ್ ಒಂದೇ, ಕ್ರಿಯಾಪದವೂ ಬಹುವಚನ, ಹೊಡೆದು ಹಾಕಲು ಏನೂ ಸಿಗುವುದಿಲ್ಲ. ಯಾರು ಯಾರನ್ನು ಹೊಗಳಿದರು ಎಂದು ಹಿಂದಿನ ವಾಕ್ಯವೇ ಹೇಳಬೇಕು. ಅದಕ್ಕೇ ಇಂಥವನ್ನು ಬಿಡಿ ವಾಕ್ಯದ ಶೀಟಿಗೆ ಹಾಕುವುದನ್ನು ಬಿಟ್ಟು, ನಾಲ್ಕೈದು ಸಾಲಿನ ಕಥೆಯ ಒಳಗೆ ಇಡುತ್ತಿದ್ದೇನೆ.