ಎಫ್‌ಎಸ್‌ಎಚ್ ರಿಪೋರ್ಟ್ ಓದುವಾಗ ನಾನು ಮೊದಲು ಕೇಳುವುದು ಮುಟ್ಟಿನ ತಾರೀಖು

ಮಂಡ್ಯ ಕಡೆಯಿಂದ ಬರುವ ಹಾರ್ಮೋನ್ ರಿಪೋರ್ಟ್‌ಗಳಲ್ಲಿ ಎಲ್ಲವೂ ಅಚ್ಚಾಗಿರುತ್ತದೆ: ಹೆಸರು, ವಯಸ್ಸು, ರಕ್ತ ತೆಗೆದ ಗಂಟೆ, ಸಂಖ್ಯೆ, ಪಕ್ಕದಲ್ಲಿ ನಾರ್ಮಲ್ ಎಷ್ಟು ಎಂಬ ಪಟ್ಟಿ. ಕೊನೆಯ ಮುಟ್ಟು ಯಾವತ್ತು ಆಯಿತು ಎನ್ನುವುದು ಮಾತ್ರ ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಥೈರಾಯ್ಡ್ ನೋಡುವ ಟಿಎಸ್‌ಎಚ್‌ಗೆ ಅದು ಇಲ್ಲದಿದ್ದರೂ ನಡೆಯುತ್ತದೆ. ಎಫ್‌ಎಸ್‌ಎಚ್‌ಗೆ ನಡೆಯುವುದಿಲ್ಲ.

ಎಫ್‌ಎಸ್‌ಎಚ್ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬಂದು ಅಂಡಾಶಯದಲ್ಲಿ ಮೊಟ್ಟೆ ಬೆಳೆಸುತ್ತದೆ. ಮೊಟ್ಟೆ ಬೆಳೆಯುತ್ತಾ ಅಂಡಾಶಯ ಈಸ್ಟ್ರೋಜನ್ ಬಿಡುತ್ತದೆ, ಆ ಈಸ್ಟ್ರೋಜನ್ ಏರಿದಂತೆ ಎಫ್‌ಎಸ್‌ಎಚ್ ತಗ್ಗುತ್ತದೆ. ಮೊಟ್ಟೆ ಬಿಡುಗಡೆಯಾಗುವ ಹೊತ್ತಿಗೆ ಒಂದೆರಡು ದಿನ ಮತ್ತೆ ಜಿಗಿಯುತ್ತದೆ. ಆಮೇಲೆ ಅಂಡಾಶಯದ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರಾನ್ ಬಂದು ಅದನ್ನು ಚೆನ್ನಾಗಿ ಒತ್ತಿಹಿಡಿಯುತ್ತದೆ. ಅಂಡಾಶಯದಲ್ಲಿ ಮೊಟ್ಟೆಗಳ ದಾಸ್ತಾನು ಕಡಿಮೆಯಾದರೂ ಎಫ್‌ಎಸ್‌ಎಚ್ ಏರುತ್ತದೆ. ಹಾಗಾಗಿ ಆ ದಾಸ್ತಾನು ಹೇಗಿದೆ ಎಂದು ತಿಳಿಯಲು, ಈ ಎರಡರ ಒತ್ತಡವೂ ಕಡಿಮೆ ಇರುವ ಮುಟ್ಟಿನ ಎರಡರಿಂದ ನಾಲ್ಕನೇ ದಿನದೊಳಗೆ ರಕ್ತ ತೆಗೆಯಬೇಕು.

ದಿನ ಎಣಿಸುವುದರಲ್ಲೇ ಅರ್ಧ ಎಡವಟ್ಟು ಆಗುತ್ತದೆ. ಸರಿಯಾಗಿ ರಕ್ತಸ್ರಾವ ಶುರುವಾದ ದಿನವೇ ಒಂದನೇ ದಿನ. ಹಿಂದಿನ ದಿನ ಬಟ್ಟೆಗೆ ಚುಕ್ಕೆ ಕಂಡಿದ್ದು ಲೆಕ್ಕಕ್ಕಿಲ್ಲ. ರಾತ್ರಿ ಮಲಗುವ ಹೊತ್ತಿಗೆ ಶುರುವಾದರೆ ಮಾರನೇ ದಿನವನ್ನು ಒಂದು ಎಂದು ಹಿಡಿಯುತ್ತೇನೆ. ನಮ್ಮ ಕಡೆ ಕೆಲವರು ತಲೆಗೆ ಸ್ನಾನ ಮಾಡಿದ ದಿನದಿಂದ ಎಣಿಸುತ್ತಾರೆ. ಅಂಥವರ ‘ಮೂರನೇ ದಿನ’ ನಿಜಕ್ಕೂ ಆರೋ ಏಳೋ ಆಗಿರುತ್ತದೆ. ಆದ್ದರಿಂದ ಎಷ್ಟನೇ ದಿನ ಎಂದು ಕೇಳುವುದನ್ನು ಬಿಟ್ಟು, ‘ಯಾವ ತಾರೀಖಿಗೆ ಹೊರಗಾದ್ರಿ’ ಎಂದೇ ಕೇಳಿ ನಾನೇ ಎಣಿಸುತ್ತೇನೆ. ಖಾಲಿ ಹೊಟ್ಟೆ ಬೇಕಿಲ್ಲ. ಭಾನುವಾರ ಲ್ಯಾಬ್ ಮುಚ್ಚಿದ್ದರೆ ಗಾಬರಿಯೂ ಬೇಕಿಲ್ಲ, ನಾಲ್ಕನೇ ದಿನದವರೆಗೆ ಸಮಯವಿದೆ.

ಒಂದು ಉದಾಹರಣೆ ಹಿಡಿಯೋಣ. ಮೂವತ್ತೊಂದು ವಯಸ್ಸಿನ ಹೆಂಗಸು, ಇಪ್ಪತ್ತೆಂಟು ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುತ್ತದೆ. ಎಫ್‌ಎಸ್‌ಎಚ್ 15.4 ಬಂದಿದೆ. ‘ಹತ್ತರೊಳಗೆ ಇರಬೇಕು’ ಎಂದು ಎಲ್ಲೋ ಓದಿಕೊಂಡು, ಮೊಟ್ಟೆಗಳು ಮುಗಿದೇ ಹೋದವೇನೋ ಎಂದು ಮನೆಯವರೆಲ್ಲ ಕಂಗಾಲಾಗಿದ್ದಾರೆ. ಮುಟ್ಟಾದದ್ದು ಜೂನ್ 4, ರಕ್ತ ಕೊಟ್ಟದ್ದು ಜೂನ್ 16. ಅಂದರೆ ಹದಿಮೂರನೇ ದಿನ, ಮೊಟ್ಟೆ ಬಿಡುವ ಹೊಸ್ತಿಲು. ಅದೇ ಹಾಳೆಯಲ್ಲಿ ಮೊಟ್ಟೆ ಬಿಡುಗಡೆ ಮಾಡಿಸುವ ಹಾರ್ಮೋನ್ ಎಲ್‌ಎಚ್ ಕೂಡ ಇದೆ: 41. ಇದೇ ಸುಳಿವು. ಅಂಡಾಶಯ ಬಡವಾಗುತ್ತಾ ಬಂದಾಗ ಸಾಮಾನ್ಯವಾಗಿ ಎಫ್‌ಎಸ್‌ಎಚ್ ಮುಂದೆ, ಎಲ್‌ಎಚ್ ಹಿಂದೆ ಇರುತ್ತದೆ. ಎಲ್‌ಎಚ್ ಇಷ್ಟು ಮೇಲೆ ಹೋಗಿ ಎಫ್‌ಎಸ್‌ಎಚ್ ಅದರ ಜೊತೆಗೆ ಏರಿದ್ದರೆ ಅದು ಮೊಟ್ಟೆ ಬಿಡುವ ಹೊತ್ತಿನ ಜಿಗಿತ. ಮುಂದಿನ ಮುಟ್ಟು ಜುಲೈ 2ಕ್ಕೆ ಬಂತು, 4ನೇ ತಾರೀಖು ಮತ್ತೆ ತೆಗೆಸಿದಾಗ ಎಫ್‌ಎಸ್‌ಎಚ್ 6.9, ಈಸ್ಟ್ರೋಜನ್‌ನ ಮುಖ್ಯ ರೂಪವಾದ ಈಸ್ಟ್ರಡಯಾಲ್ 41. ಚಿಂತೆ ಮಾಡುವಂಥದ್ದೇನೂ ಇಲ್ಲ.

ಲ್ಯಾಬ್‌ನವರನ್ನು ಬೈದು ಪ್ರಯೋಜನವಿಲ್ಲ. ಒಂದು ಬಗೆಯ ಯಂತ್ರದ ಪಟ್ಟಿ ನೋಡಿ: ಮುಟ್ಟಿನ ಚಕ್ರದ ಮೊದಲರ್ಧಕ್ಕೆ 3.5ರಿಂದ 12.5, ಮೊಟ್ಟೆ ಬಿಡುವಾಗ 4.7ರಿಂದ 21.5, ಎರಡನೇ ಅರ್ಧಕ್ಕೆ 1.7ರಿಂದ 7.7, ಮುಟ್ಟು ನಿಂತವರಿಗೆ 25.8ರಿಂದ 134.8. ನಾಲ್ಕನ್ನೂ ಒಂದರ ಕೆಳಗೊಂದು ಅಚ್ಚು ಹಾಕಿರುತ್ತಾರೆ. ಯಾವ ಸಾಲು ನಿಮ್ಮದು ಎಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಚೀಟಿಯ ಮೇಲೆ ಮುಟ್ಟಿನ ತಾರೀಖು ಬರೆಸಿದರೆ ಓದುವವರಿಗೆ ಗೊತ್ತಾಗುತ್ತದೆ.

ಮೇಲಿನ ತಪ್ಪು ಹೆದರಿಸಿ ಬಿಟ್ಟುಬಿಡುತ್ತದೆ. ಇದರ ಉಲ್ಟಾ ತಪ್ಪು ಹೆಚ್ಚು ಕೆಟ್ಟದ್ದು. ಇಪ್ಪತ್ತೆರಡನೇ ದಿನ ತೆಗೆದ ರಕ್ತದಲ್ಲಿ ಎಫ್‌ಎಸ್‌ಎಚ್ 5 ಎಂದು ಬಂದರೆ ಎಲ್ಲರೂ ಸಮಾಧಾನದಿಂದ ಎದ್ದು ಹೋಗುತ್ತಾರೆ. ಆ ದಿನ ಪ್ರೊಜೆಸ್ಟರಾನ್ ಒತ್ತಿಹಿಡಿದಿರುವುದರಿಂದ, ಮೂರನೇ ದಿನ 13 ಬರುತ್ತಿದ್ದವರಿಗೂ 5 ಬರಬಹುದು. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರ ಎಫ್‌ಎಸ್‌ಎಚ್ ಕೂಡ ಹೀಗೆಯೇ ಕುಗ್ಗಿರುತ್ತದೆ. ಗೌರಿ ಹಬ್ಬಕ್ಕೋ ಮಾದಪ್ಪನ ಬೆಟ್ಟಕ್ಕೋ ಹೋಗಬೇಕೆಂದು ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಂಡವರು, ಕೇಳದಿದ್ದರೆ ಅದನ್ನು ಹೇಳುವುದೇ ಇಲ್ಲ. ಅದನ್ನು ಮಾತ್ರೆ ಎಂದು ಅವರು ಲೆಕ್ಕಕ್ಕೇ ಇಟ್ಟಿರುವುದಿಲ್ಲ.

ದಿನ ಸರಿಯಾಗಿದ್ದರೂ ಮೋಸ ಹೋಗುವ ಒಂದು ಜಾಗವಿದೆ, ಅದಕ್ಕೇ ಎಫ್‌ಎಸ್‌ಎಚ್ ಒಂದನ್ನೇ ಬರೆದು ಕಳಿಸುವುದು ನನಗೆ ಒಗ್ಗುವುದಿಲ್ಲ. ಮೂವತ್ತೆಂಟು ವಯಸ್ಸು, ಮೂರನೇ ದಿನ, ಎಫ್‌ಎಸ್‌ಎಚ್ 7.8 ಎಂದಿಟ್ಟುಕೊಳ್ಳಿ. ಚೆನ್ನಾಗಿದೆ ಎನಿಸುತ್ತದೆ. ಜೊತೆಗೆ ತೆಗೆದ ಈಸ್ಟ್ರಡಯಾಲ್ 92 ಪಿಕೋಗ್ರಾಂ. ಮೂರನೇ ದಿನ ಅದು 60ಕ್ಕಿಂತ, ಹೆಚ್ಚೆಂದರೆ 80ಕ್ಕಿಂತ, ಕೆಳಗಿರಬೇಕಿತ್ತು. ಇಷ್ಟು ಈಸ್ಟ್ರೋಜನ್ ಇದ್ದರೆ ಅದೇ ಎಫ್‌ಎಸ್‌ಎಚ್ ಅನ್ನು ಕೆಳಗೆಳೆದಿರುತ್ತದೆ, ಆದ್ದರಿಂದ ಆ 7.8 ನಂಬುವ ಹಾಗಿಲ್ಲ. ದಾಸ್ತಾನು ಕಡಿಮೆಯಾದಾಗ ಹಿಂದಿನ ತಿಂಗಳ ಕೊನೆಯಲ್ಲೇ ಎಫ್‌ಎಸ್‌ಎಚ್ ಏರಿ, ಮೊಟ್ಟೆ ಬೇಗ ಬೆಳೆಯಲು ಶುರುವಾಗಿರುತ್ತದೆ. ‘ಮೊದಲು ಇಪ್ಪತ್ತೆಂಟಕ್ಕೆ ಆಗ್ತಿತ್ತು, ಈಗ ಇಪ್ಪತ್ನಾಲ್ಕಕ್ಕೇ ಆಗ್ತಿದೆ’ ಎಂದು ಅವರೇ ಹೇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಹಿಂದಿನ ತಿಂಗಳ ನೀರುಗುಳ್ಳೆ ಉಳಿದುಕೊಂಡಿದ್ದರೂ ಈಸ್ಟ್ರಡಯಾಲ್ ಹೀಗೆ ಏರುತ್ತದೆ, ಅದನ್ನು ಸ್ಕ್ಯಾನ್ ತೋರಿಸುತ್ತದೆ. ಇಂಥ ಕಡೆ ಮೊಟ್ಟೆಗಳ ದಾಸ್ತಾನನ್ನೇ ಅಂದಾಜಿಸುವ, ದಿನದ ಹಂಗು ಅಷ್ಟಾಗಿ ಇಲ್ಲದ ಎಎಂಎಚ್ ಪರೀಕ್ಷೆ ಸೇರಿಸುವುದು ಒಳ್ಳೆಯದು.

ಟಿಎಸ್‌ಎಚ್ ವಿಷಯ ಬೇರೆ. ಮುಟ್ಟಿನ ಯಾವ ದಿನ ಬೇಕಾದರೂ ತೆಗೆಯಬಹುದು, ಆದರೆ ಗಡಿಯಾರ ನೋಡಬೇಕು. ರಾತ್ರಿ ಏರಿ ಮಧ್ಯಾಹ್ನಕ್ಕೆ ಇಳಿಯುವ ಹಾರ್ಮೋನ್ ಇದು. ಒಂದು ಸಲ ಬೆಳಿಗ್ಗೆ ಏಳಕ್ಕೆ, ಇನ್ನೊಂದು ಸಲ ಮಧ್ಯಾಹ್ನ ಮೂರಕ್ಕೆ ಕೊಟ್ಟು 5.2 ಇದ್ದದ್ದು 3.9 ಆಯಿತು ಎಂದು ಖುಷಿಪಡುವುದರಲ್ಲಿ ಅರ್ಥವಿಲ್ಲ. ಹೋಲಿಸಬೇಕಾದರೆ ಅದೇ ಲ್ಯಾಬ್, ಅದೇ ಹೊತ್ತು. ಥೈರಾಯ್ಡ್ ಮಾತ್ರೆಯಾದ ಥೈರಾಕ್ಸಿನ್‌ನ ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾಯಬೇಕು, ಹತ್ತು ದಿನಕ್ಕೇ ಓಡಿಹೋಗಿ ತೆಗೆಸಿದರೆ ದುಡ್ಡು ದಂಡ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಎಷ್ಟಿದೆ ಎಂದು ನೋಡುವ ಫ್ರೀ ಟಿ4 ಕೂಡ ಇದ್ದರೆ ಅವತ್ತಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಲು ಹೇಳುತ್ತೇನೆ.

ಎರಡೂ ಪರೀಕ್ಷೆಗಳನ್ನು ಒಟ್ಟಿಗೆ ಕೆಡಿಸುವ ವಸ್ತು ಎಂದರೆ ಕೂದಲು ಉದುರುವುದಕ್ಕೆ ಕೊಡುವ ಬಯೋಟಿನ್ ಮಾತ್ರೆ. ಬಯೋಟಿನ್ ಬಳಸಿಯೇ ಕೆಲಸ ಮಾಡುವ ಯಂತ್ರಗಳಲ್ಲಿ ಟಿಎಸ್‌ಎಚ್ ಮತ್ತು ಎಫ್‌ಎಸ್‌ಎಚ್ ಸುಳ್ಳೇ ಕಡಿಮೆಯಾಗಿ, ಫ್ರೀ ಟಿ4 ಮತ್ತು ಈಸ್ಟ್ರಡಯಾಲ್ ಸುಳ್ಳೇ ಹೆಚ್ಚಾಗಿ ಬರಬಹುದು. ಥೈರಾಯ್ಡ್ ಜಾಸ್ತಿಯಾದ ಯಾವ ಲಕ್ಷಣವೂ ಇಲ್ಲದೆ ರಿಪೋರ್ಟ್ ಮಾತ್ರ ಹಾಗೆ ಹೇಳುತ್ತಿದ್ದರೆ ಮೊದಲು ಇದನ್ನೇ ಕೇಳಿ. ಐದೋ ಹತ್ತೋ ಮಿಲಿಗ್ರಾಂನ ಮಾತ್ರೆಯಾದರೆ ಎರಡು ಮೂರು ದಿನ ನಿಲ್ಲಿಸಿ ರಕ್ತ ಕೊಡಬೇಕು.

ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವವರಿಗೆ ಮೂರನೇ ದಿನ ಎಲ್ಲಿಂದ ತರುವುದು? ಟಿಎಸ್‌ಎಚ್ ಹೆಚ್ಚಿದ್ದರೂ ಮುಟ್ಟು ಏರುಪೇರಾಗುತ್ತದೆ, ಹಾಗಾಗಿ ಮೊದಲು ಅದನ್ನು ನೋಡಿಕೊಳ್ಳುತ್ತೇವೆ. ಆಮೇಲೆ ಯಾವುದಾದರೂ ಒಂದು ದಿನ ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಯಾಲ್, ಪ್ರೊಜೆಸ್ಟರಾನ್ ನಾಲ್ಕನ್ನೂ ಒಟ್ಟಿಗೆ ತೆಗೆಸಿದರೆ ದೇಹ ಯಾವ ಹಂತದಲ್ಲಿದೆ ಎಂದು ಅವೇ ಹೇಳುತ್ತವೆ: ಪ್ರೊಜೆಸ್ಟರಾನ್ 3 ನ್ಯಾನೋಗ್ರಾಂ ದಾಟಿದ್ದರೆ ಮೊಟ್ಟೆ ಬಿಡುಗಡೆಯಾಗಿದೆ, ಎಫ್‌ಎಸ್‌ಎಚ್ ಕುಗ್ಗಿರುವುದು ಅದರಿಂದ. ನಲವತ್ತರೊಳಗಿನವರಿಗೆ ನಾಲ್ಕು ತಿಂಗಳಿಂದ ಮುಟ್ಟಿಲ್ಲದೆ ಎಫ್‌ಎಸ್‌ಎಚ್ 25 ದಾಟಿದ್ದರೆ, ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ನೋಡದೆ ನಾನು ಮುಟ್ಟು ನಿಂತಿತು ಎಂಬ ಮಾತು ಆಡುವುದಿಲ್ಲ. ಇದೆಲ್ಲಕ್ಕೂ ಮೊದಲು, ಮುಟ್ಟು ಬರಿಸುವ ಮಾತ್ರೆ ಬರೆಯುವುದಕ್ಕೂ ಮೊದಲು, ಮೂತ್ರದ ಗರ್ಭ ಪರೀಕ್ಷೆ ಆಗಬೇಕು. ಬಸುರಿಯಾದಾಗಲೂ ಎಫ್‌ಎಸ್‌ಎಚ್ ಪಾತಾಳಕ್ಕೆ ಇಳಿದಿರುತ್ತದೆ.